ನಾಲ್ಕು ವರ್ಷ ಏಳು ತಿಂಗಳಿಗೆ ಕೆಲಸ ಬಿಟ್ಟರೆ ಕಂಪನಿ ಹಾಕಿದ ದುಡ್ಡು ಯಾರದು?

ವಿಜಯಪುರದ ಕಡೆಯ ಹುಡುಗನೊಬ್ಬ ಪುಣೆಯ ಚಾಕಣದಲ್ಲಿ, ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಇದ್ದಾನೆ ಅಂದುಕೊಳ್ಳಿ. ಹೆಸರು ಬಸವರಾಜ ಅಂತ ಇಟ್ಟುಕೊಳ್ಳೋಣ. 2021ರ ಜೂನ್ 1ಕ್ಕೆ ಸೇರಿದಾಗ ಬೇಸಿಕ್ ಮತ್ತು ಡಿಎ ಸೇರಿ 14,500 ರೂಪಾಯಿ. ಈಗ ಅದು 26,000. ಭತ್ಯೆಗಳೆಲ್ಲ ಸೇರಿದರೆ ಪಗಾರ 48,000ದ ಹತ್ತಿರ. ಪಕ್ಕದ ಇನ್ನೊಂದು ಕಾರ್ಖಾನೆ ಜಾಸ್ತಿ ಪಗಾರ ಕೊಟ್ಟು ಕರೆಯುತ್ತಿದೆ, 2026ರ ಜನವರಿ 1ಕ್ಕೇ ಬಾ ಅನ್ನುತ್ತಿದೆ. ಅಂದರೆ ಹಳೇ ಕಂಪನಿಯಲ್ಲಿ ಕೊನೆಯ ದಿನ ಡಿಸೆಂಬರ್ 31. ಒಟ್ಟು ಸೇವೆ ನಾಲ್ಕು ವರ್ಷ ಏಳು ತಿಂಗಳು.

ಅವನ ಸಿಟಿಸಿ ಕಾಗದದಲ್ಲಿ, ಅಂದರೆ ಅವನಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚಿನ ಪಟ್ಟಿಯಲ್ಲಿ, ಕಂಪನಿ ಕೊಡುವ ಎರಡು ಸಾಲುಗಳಿವೆ. ಒಂದು, ಪಿಎಫ್‌ಗೆ ಕಂಪನಿ ಪಾಲು, ತಿಂಗಳಿಗೆ 3,120 ರೂಪಾಯಿ. ಇನ್ನೊಂದು, ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷ ನೋಡಿ ಕಂಪನಿ ಕೊಡುವ ಇಡುಗಂಟು, ತಿಂಗಳಿಗೆ 1,250 ರೂಪಾಯಿ. ಎರಡೂ ಅವನ ಕೈಗೆ ಬರುವ ದುಡ್ಡಲ್ಲ. ಆದರೆ ಎರಡನ್ನೂ ಸೇರಿಸಿಯೇ "ನಿನ್ನ ವರ್ಷದ ಪ್ಯಾಕೇಜ್ ಇಷ್ಟು" ಅಂತ ಹೇಳಿರುತ್ತಾರೆ. ಈಗ ಬಿಟ್ಟು ಹೋದರೆ ಇದರಲ್ಲಿ ಯಾವುದು ಅವನ ಜೊತೆ ಬರುತ್ತದೆ, ಯಾವುದು ಕಂಪನಿಯಲ್ಲೇ ಉಳಿಯುತ್ತದೆ?

ಪುಣೆಯಲ್ಲಿ ಪಗಾರದ ಲೆಕ್ಕ ನೋಡುವ ಕೆಲಸ ನನ್ನದು. ಊರ ಕಡೆಯ ಹುಡುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಐದ್ ವರ್ಷ ಆಗ್ಲಿಲ್ಲ ಅಂದ್ರ ಕಂಪನಿ ಪಾಲು ಸಿಗಂಗಿಲ್ಲಂತ, ಖರೇ ಏನ್ರಿ ಅಣ್ಣಾ?" ಇದಕ್ಕೆ ಹೌದು ಅಥವಾ ಅಲ್ಲ ಅಂತ ಒಂದೇ ಮಾತಲ್ಲಿ ಹೇಳಕ್ಕಾಗಲ್ಲ. ಯಾಕೆಂದರೆ ಕಂಪನಿ ಹಾಕುವ ದುಡ್ಡು ಮೂರು ಬೇರೆ ಬೇರೆ ಕಡೆ ಹೋಗುತ್ತದೆ. ಒಂದೊಂದಕ್ಕೂ ವರ್ಷದ ಲೆಕ್ಕ ಬೇರೆ. ಒಂದು ಕಡೆಯ ಐದು ವರ್ಷವನ್ನು ಇನ್ನೊಂದು ಕಡೆ ಅಂಟಿಸಿಬಿಡುವುದರಿಂದಲೇ ಈ ಗೊಂದಲ.

ಪಿಎಫ್: ಮೊದಲ ದಿನದಿಂದಲೇ ನಿಮ್ಮದು

ಮೊದಲು 3,120 ರೂಪಾಯಿ ಎಲ್ಲಿಗೆ ಹೋಗುತ್ತದೆ ನೋಡೋಣ. ಬಸವರಾಜನ ಬೇಸಿಕ್ ಮತ್ತು ಡಿಎಯ ಶೇಕಡಾ 12ರಷ್ಟನ್ನು ಪಗಾರದಿಂದ ಮುರಿಯುತ್ತಾರೆ. ಕಂಪನಿಯೂ ಅಷ್ಟೇ ಹಾಕುತ್ತದೆ. ಅವನ ಪಾಲು ಪೂರ್ತಿಯಾಗಿ ಪಿಎಫ್ ಖಾತೆಗೆ ಹೋಗುತ್ತದೆ. ಕಂಪನಿ ಪಾಲು ಮಾತ್ರ ಒಡೆಯುತ್ತದೆ. ಆ ಹನ್ನೆರಡರಲ್ಲಿ 8.33 ಪೆನ್ಷನ್ ಯೋಜನೆಗೆ. ಆದರೆ ಪೆನ್ಷನ್‌ಗೆ ಲೆಕ್ಕ ಹಿಡಿಯುವ ಪಗಾರಕ್ಕೆ 15,000ದ ಮಿತಿ ಇದೆ. ಹಾಗಾಗಿ ಆ ಪಾಲು ತಿಂಗಳಿಗೆ 1,250 ರೂಪಾಯಿ ದಾಟುವುದಿಲ್ಲ. ಉಳಿದ 1,870 ರೂಪಾಯಿ ಪಿಎಫ್ ಖಾತೆಗೆ ಬೀಳುತ್ತದೆ. ಪಾಸ್‌ಬುಕ್ ತೆಗೆದರೆ ಈ ಮೂರು ಅಂಕಿಗಳೂ ಮೂರು ಕಾಲಂಗಳಲ್ಲಿ ಕಾಣುತ್ತವೆ: 3,120, 1,870, 1,250.

ಅಂದಹಾಗೆ ಪೆನ್ಷನ್‌ಗೆ ಹೋಗುವ ಈ 1,250ಕ್ಕೂ ಸಿಟಿಸಿ ಕಾಗದದ ಗ್ರಾಚ್ಯುಟಿಯ 1,250ಕ್ಕೂ ಏನೇನೂ ಸಂಬಂಧವಿಲ್ಲ. 26,000 ಬೇಸಿಕ್ ಇದ್ದಾಗ ಎರಡೂ ಅಂಕಿ ಒಂದೇ ಆಗಿಬಿಡುತ್ತವೆ, ಅಷ್ಟೇ. ಪಾಸ್‌ಬುಕ್ ತೋರಿಸಿ "ಇದೇ ನನ್ನ ಗ್ರಾಚ್ಯುಟಿ" ಅಂದವರನ್ನು ನಾನು ನೋಡಿದ್ದೇನೆ.

ಪಿಎಫ್ ಖಾತೆಗೆ ಬಿದ್ದ ದುಡ್ಡು, ಕಂಪನಿ ಪಾಲೂ ಸೇರಿ, ಬಿದ್ದ ತಿಂಗಳಿಂದಲೇ ನೌಕರನದು. ಇದಕ್ಕೆ ಕನಿಷ್ಠ ಸೇವೆ ಅಂತ ಯಾವ ಷರತ್ತೂ ಇಲ್ಲ. ನಾಲ್ಕು ತಿಂಗಳಿಗೆ ಬಿಟ್ಟರೂ ಕಂಪನಿ ಪಾಲು ಬಡ್ಡಿ ಸಮೇತ ನಿಮ್ಮದೇ. ಕಂಪನಿ ಅದನ್ನು ವಾಪಸ್ ಕೇಳುವ ಹಾಗಿಲ್ಲ, ತಡೆಹಿಡಿಯುವ ಹಾಗೂ ಇಲ್ಲ. ನೋಟಿಸ್ ಕೊಡದೆ ಹೋದ, ಬಾಂಡ್ ಮುರಿದ, ಸಾಲ ಬಾಕಿ ಇದೆ ಅನ್ನುವ ಕಾರಣಕ್ಕೂ ಆಗುವುದಿಲ್ಲ. ಪಿಎಫ್ ದುಡ್ಡನ್ನು ಕೋರ್ಟಿನ ಆದೇಶದಿಂದಲೂ ಜಪ್ತಿ ಮಾಡಬಾರದು ಅಂತ ಕಾನೂನೇ ಹೇಳುತ್ತದೆ. ನೋಟಿಸ್ ಅವಧಿಯ ಬಾಕಿಯನ್ನು ಕೆಲಸ ಬಿಡುವಾಗ ಮಾಡುವ ಫುಲ್ ಅಂಡ್ ಫೈನಲ್ ಲೆಕ್ಕದಲ್ಲಿ ಕೊನೆಯ ಪಗಾರದಿಂದ ಮುರಿಯಬಹುದು, ಅದು ಬೇರೆ ಮಾತು. "ಪಿಎಫ್ ಕ್ಯಾನ್ಸಲ್ ಮಾಡಿಸ್ತೀನಿ" ಅಂತ ಯಾರಾದರೂ ಹೆದರಿಸಿದರೆ ಅದು ಬರೀ ಬಾಯಿಮಾತು.

ಬಸವರಾಜನ ಲೆಕ್ಕ ಹಾಕೋಣ. ಬೇಸಿಕ್ ಮತ್ತು ಡಿಎ ವರ್ಷಕ್ಕೊಮ್ಮೆ 14,500ರಿಂದ 17,000, ಆಮೇಲೆ 20,000, 23,000, ಕೊನೆಗೆ 26,000 ಆಯಿತು ಅಂತ ಹಿಡಿದರೆ, 55 ತಿಂಗಳಲ್ಲಿ ಅವನ ಪಾಲು ಸುಮಾರು 1 ಲಕ್ಷ 29 ಸಾವಿರ. ಕಂಪನಿಯೂ ಅಷ್ಟೇ ಹಾಕಿದೆ. ಅದರಲ್ಲಿ ಸುಮಾರು 61 ಸಾವಿರ ಪಿಎಫ್‌ಗೆ, 68 ಸಾವಿರ ಪೆನ್ಷನ್‌ಗೆ. ಬಡ್ಡಿ ಸೇರಿದರೆ ಪಿಎಫ್ ಖಾತೆಯಲ್ಲಿ ಎರಡು ಲಕ್ಷ ದಾಟಿರುತ್ತದೆ. ಅಷ್ಟೂ ಅವನದೇ.

ಹಾಗಾದರೆ ಪಿಎಫ್‌ಗೆ ಐದು ವರ್ಷದ ಮಾತು ಎಲ್ಲಿಂದ ಬಂತು? ಅದು ತೆರಿಗೆಯ ಲೆಕ್ಕ. ಐದು ವರ್ಷ ಸೇವೆ ತುಂಬುವ ಮೊದಲೇ ಪಿಎಫ್ ತೆಗೆದರೆ ಆ ದುಡ್ಡಿನ ಮೇಲೆ ತೆರಿಗೆ ಬೀಳುತ್ತದೆ. ಕಂಪನಿ ಪಾಲು ಮತ್ತು ಅದರ ಬಡ್ಡಿಯನ್ನು ಆ ವರ್ಷದ ಪಗಾರದಂತೆಯೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ನಿಮ್ಮ ಪಾಲಿನ ಬಡ್ಡಿಯೂ ಆದಾಯಕ್ಕೆ ಸೇರುತ್ತದೆ. ಹಿಂದೆ ನಿಮ್ಮ ಪಾಲನ್ನು ತೋರಿಸಿ ತೆರಿಗೆ ಉಳಿಸಿದ್ದರೆ ಆ ರಿಯಾಯಿತಿಯೂ ರದ್ದಾಗಿ, ಉಳಿಸಿದ ತೆರಿಗೆಯನ್ನು ಕಟ್ಟಬೇಕಾಗುತ್ತದೆ. ಮೊತ್ತ 50,000 ರೂಪಾಯಿ ಮುಟ್ಟಿದರೆ ಪಿಎಫ್ ಕಚೇರಿಯೇ ಶೇಕಡಾ 10 ಟಿಡಿಎಸ್ ಹಿಡಿದು ಉಳಿದದ್ದನ್ನು ಕೊಡುತ್ತದೆ. ಪ್ಯಾನ್ ಜೋಡಿಸಿಲ್ಲದಿದ್ದರೆ ಹಿಡಿತ ಇನ್ನೂ ಜಾಸ್ತಿ. ಕೈಗೆ ಕಡಿಮೆ ಬಂದದ್ದನ್ನು ನೋಡಿ "ಕಂಪನಿ ಪಾಲು ತಿಂದರು" ಅಂತ ಹುಡುಗರು ಅಂದುಕೊಳ್ಳುವುದು ಇಲ್ಲೇ. ಕಾಯಿಲೆ ಬಿದ್ದು ಕೆಲಸ ಹೋದರೆ ಅಥವಾ ಕಂಪನಿಯೇ ಮುಚ್ಚಿದರೆ ಈ ತೆರಿಗೆ ಇಲ್ಲ.

ಇಲ್ಲಿ ಒಂದು ಒಳ್ಳೆಯ ವಿಷಯ ಇದೆ. ತೆರಿಗೆಯ ಐದು ವರ್ಷಕ್ಕೆ ಒಂದೇ ಕಂಪನಿಯಲ್ಲಿ ಇರಬೇಕು ಅಂತಿಲ್ಲ. ಹಳೇ ಖಾತೆಯನ್ನು ಹೊಸ ಕಂಪನಿಯ ಖಾತೆಗೆ ವರ್ಗಾಯಿಸಿದರೆ ಎರಡೂ ಕಡೆಯ ಸೇವೆ ಕೂಡಿಕೊಳ್ಳುತ್ತದೆ. ಬಸವರಾಜ ಪಿಎಫ್ ತೆಗೆಯದೆ ವರ್ಗಾಯಿಸಿದರೆ, ಹೊಸ ಕಂಪನಿಯಲ್ಲಿ ಐದು ತಿಂಗಳು ಕಳೆಯುವಷ್ಟರಲ್ಲೇ ತೆರಿಗೆಯ ಐದು ವರ್ಷ ತುಂಬಿಬಿಡುತ್ತದೆ. ಅವನಿಗೆ ಬೇರೆ ಕೆಲಸ ಸಿಕ್ಕಿದೆ. ಹಾಗಿರುವಾಗ ದುಡ್ಡು ತೆಗೆಯುವ ಪ್ರಶ್ನೆಯೇ ಬರಬಾರದು. ಕೆಲಸ ಇಲ್ಲದೆ ಇರುವವರಿಗೆ ಮಾತ್ರ ಪೂರ್ತಿ ಹಣ ತೆಗೆಯುವ ದಾರಿ ಇದೆ. ಮೊದಲು ಅದಕ್ಕೆ ಎರಡು ತಿಂಗಳು ಕಾಯಬೇಕಿತ್ತು. 2025ರ ಅಕ್ಟೋಬರ್‌ನಲ್ಲಿ ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ಸಂಸ್ಥೆಯ ಟ್ರಸ್ಟಿಗಳ ಮಂಡಳಿ ಅದನ್ನು ಹನ್ನೆರಡು ತಿಂಗಳಿಗೆ ಏರಿಸುವ ತೀರ್ಮಾನ ಮಾಡಿತು. ಮುಕ್ಕಾಲು ಪಾಲನ್ನು ಮೊದಲೇ ತೆಗೆಯಬಹುದು, ಕಾಲು ಪಾಲು ಖಾತೆಯಲ್ಲಿ ಉಳಿಯಬೇಕು ಅನ್ನುವುದು ಅದೇ ತೀರ್ಮಾನದ ಇನ್ನೊಂದು ಭಾಗ. ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲಿ ಯಾವ ನಿಯಮ ಜಾರಿಯಲ್ಲಿದೆ ನೋಡಿಕೊಳ್ಳಿ.

ಪೆನ್ಷನ್: ಇಲ್ಲಿ ಹತ್ತು ವರ್ಷದ ಲೆಕ್ಕ

ಪೆನ್ಷನ್‌ಗೆ ಹೋದ 68 ಸಾವಿರದ ಕಥೆ ಬೇರೆ. ಅದು ನಿಮ್ಮ ಹೆಸರಿನ ಖಾತೆಯಲ್ಲಿ ಕೂತು ಬೆಳೆಯುವುದಿಲ್ಲ. ಎಲ್ಲರ ದುಡ್ಡೂ ಒಂದೇ ನಿಧಿಗೆ ಹೋಗುತ್ತದೆ. ನಿಮಗೆ ಬರುವುದು ಎಷ್ಟು ವರ್ಷ ದುಡಿದಿರಿ ಅನ್ನುವುದರ ಮೇಲೆ. ಆ ನಿಧಿಯಿಂದ ತಿಂಗಳ ಪೆನ್ಷನ್ ಬರಬೇಕಾದರೆ ಹತ್ತು ವರ್ಷ ಸೇವೆ ಬೇಕು. ಕೊನೆಯ ತುಂಡು ಆರು ತಿಂಗಳು ಅಥವಾ ಜಾಸ್ತಿ ಇದ್ದರೆ ಅದನ್ನು ಒಂದು ವರ್ಷ ಅಂತ ಹಿಡಿಯುತ್ತಾರೆ. ಹಾಗಾಗಿ ಒಂಬತ್ತೂವರೆ ವರ್ಷ ಆಗಿದ್ದರೂ ಸಾಕು.

ಹತ್ತು ವರ್ಷ ಆಗದೆ ಬಿಟ್ಟವರಿಗೆ ಎರಡು ದಾರಿ. ಫಾರಂ 10ಸಿ ಹಾಕಿ ದುಡ್ಡು ತೆಗೆಯಬಹುದು. ಇಲ್ಲವೇ ದುಡ್ಡು ಮುಟ್ಟದೆ ಸೇವೆಯನ್ನು ಉಳಿಸಿಕೊಳ್ಳಬಹುದು. ತೆಗೆದರೆ ಎಷ್ಟು ಬರುತ್ತದೆ ಅನ್ನುವುದಕ್ಕೆ ಒಂದು ಪಟ್ಟಿ ಇದೆ, ಅದನ್ನು ಟೇಬಲ್ ಡಿ ಅನ್ನುತ್ತಾರೆ. ಸೇವೆಗೆ ತಕ್ಕಂತೆ ಒಂದು ಅಂಕಿ, ಅದನ್ನು ಪಗಾರಕ್ಕೆ ಗುಣಿಸುವುದು. ಮೊದಲು ಈ ಪಟ್ಟಿಯಲ್ಲಿ ಬರೀ ವರ್ಷಗಳ ಲೆಕ್ಕ ಇತ್ತು. ವರ್ಷದ ಮೇಲೆ ದುಡಿದ ಐದು ತಿಂಗಳು ಹಾಗೇ ಮುಳುಗುತ್ತಿತ್ತು. ಆರು ತಿಂಗಳೂ ತುಂಬದೆ ಬಿಟ್ಟವರಿಗಂತೂ ಏನೂ ಸಿಗುತ್ತಿರಲಿಲ್ಲ. ಕಂಪನಿ ಪಾಲು ನಿಜವಾಗಿಯೂ ಮುಳುಗುತ್ತಿದ್ದದ್ದು ಇಲ್ಲಿ. 2024ರ ಜೂನ್‌ನಲ್ಲಿ ಸರ್ಕಾರ ಇದನ್ನು ಬದಲಾಯಿಸಿತು. ಈಗ ತುಂಬಿದ ಪ್ರತಿ ತಿಂಗಳಿಗೂ ಲೆಕ್ಕ ಇದೆ, ಆರು ತಿಂಗಳಿಗಿಂತ ಕಡಿಮೆ ಇದ್ದವರಿಗೂ ಇದೆ. ಆಗ ಸರ್ಕಾರವೇ ಕೊಟ್ಟ ಉದಾಹರಣೆ ಹೀಗಿದೆ: 15,000 ಪಗಾರದ ಮೇಲೆ ಎರಡು ವರ್ಷ ಐದು ತಿಂಗಳು ದುಡಿದವರಿಗೆ ಮೊದಲು 29,850 ರೂಪಾಯಿ ಬರುತ್ತಿತ್ತು, ಈಗ 36,000 ಬರುತ್ತದೆ.

ಈ 36,000ವನ್ನು ಒಂದು ನಿಮಿಷ ನೋಡಿ. 29 ತಿಂಗಳಿಗೆ 1,250ರಂತೆ ಆ ನಿಧಿಗೆ ಹೋಗಿದ್ದು 36,250 ರೂಪಾಯಿ. ಅಂದರೆ ಹಾಕಿದ್ದು ಹಾಕಿದಷ್ಟೇ ವಾಪಸ್, ಬಡ್ಡಿ ಇಲ್ಲ. ಬಸವರಾಜನಿಗೂ ಹೆಚ್ಚುಕಡಿಮೆ ಹೋದ 68 ಸಾವಿರವೇ ತಿರುಗಿ ಬರುತ್ತದೆ. ಐದು ವರ್ಷದ ಹತ್ತಿರ ಬಡ್ಡಿ ಇಲ್ಲದೆ ಬಿದ್ದ ದುಡ್ಡು ಅದು.

ಅದಕ್ಕಿಂತ ದೊಡ್ಡ ನಷ್ಟ ಕಣ್ಣಿಗೆ ಕಾಣುವುದಿಲ್ಲ. ಒಮ್ಮೆ ತೆಗೆದರೆ ಆ ನಾಲ್ಕು ವರ್ಷ ಏಳು ತಿಂಗಳ ಸೇವೆ ಅಳಿಸಿಹೋಗುತ್ತದೆ. ಹತ್ತು ವರ್ಷದ ಎಣಿಕೆ ಮತ್ತೆ ಸೊನ್ನೆಯಿಂದ. ತೆಗೆಯದೆ ಹೊಸ ಕಂಪನಿಗೆ ಒಯ್ದರೆ ಇನ್ನು ಐದು ವರ್ಷದೊಳಗೆ ಪೆನ್ಷನ್ ಗ್ಯಾರಂಟಿ. ಎಷ್ಟು ಪೆನ್ಷನ್ ಅಂತ ಕೇಳಿದರೆ ಸ್ವಲ್ಪ ಬೇಜಾರಾಗುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಪಗಾರವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು ಸೂತ್ರ. 15,000 ಮತ್ತು ಹತ್ತು ವರ್ಷಕ್ಕೆ ತಿಂಗಳಿಗೆ ಸುಮಾರು 2,140 ರೂಪಾಯಿ, ಅದೂ 58 ವರ್ಷ ಆದ ಮೇಲೆ. ದೊಡ್ಡ ಮೊತ್ತವೇನಲ್ಲ. ಆದರೆ ಸೇವೆಯಲ್ಲಿ ಇರುವಾಗ ಸದಸ್ಯ ತೀರಿಕೊಂಡರೆ ಹೆಂಡತಿ ಮಕ್ಕಳಿಗೆ ಪೆನ್ಷನ್ ಬರುವುದೂ ಇದೇ ಯೋಜನೆಯಿಂದ. ಅದಕ್ಕೆ ಹತ್ತು ವರ್ಷ ಕಾಯಬೇಕಿಲ್ಲ. 68 ಸಾವಿರಕ್ಕೆ ಆಸೆಪಟ್ಟು ಕೈಬಿಡುವಂಥದ್ದಲ್ಲ ಅಂತ ನನ್ನ ಅಭಿಪ್ರಾಯ.

ವರ್ಗಾಯಿಸಿದ ಮೇಲೆ ಒಂದು ಗಾಬರಿ ಕಾದಿರುತ್ತದೆ. ಹೊಸ ಪಾಸ್‌ಬುಕ್‌ನಲ್ಲಿ ಪಿಎಫ್‌ನ ಎರಡೂ ಪಾಲು ಬಂದಿರುತ್ತದೆ, ಪೆನ್ಷನ್ ಕಾಲಂನಲ್ಲಿ ಮಾತ್ರ ಸೊನ್ನೆ. ಗೋಳಿಬಾರ್ ಮೈದಾನದ ಪಿಎಫ್ ಕಚೇರಿಗೆ ಓಡಬೇಕಾಗಿಲ್ಲ. ಪೆನ್ಷನ್ ದುಡ್ಡು ಖಾತೆಯಿಂದ ಖಾತೆಗೆ ಹೋಗುವುದೇ ಇಲ್ಲ, ಅದು ಆ ನಿಧಿಯಲ್ಲೇ ಇರುತ್ತದೆ. ಬರುವುದು ಸೇವೆಯ ದಾಖಲೆ ಮಾತ್ರ. ಯುಎಎನ್, ಅಂದರೆ ಕಂಪನಿ ಬದಲಾದರೂ ಬದಲಾಗದ ನಿಮ್ಮ ಪಿಎಫ್ ಸಂಖ್ಯೆ, ಅದರ ಸೇವಾ ವಿವರದಲ್ಲಿ ಹಳೇ ಕಂಪನಿಯ ಸೇರಿದ ದಿನ, ಬಿಟ್ಟ ದಿನ ಸರಿಯಾಗಿ ಇದೆಯಾ ಅಂತ ನೋಡಿ. ಬಿಟ್ಟ ದಿನ ತಪ್ಪಾಗಿ ನಮೂದಾಗಿದ್ದರೆ ಸೇವೆಯ ತಿಂಗಳುಗಳೇ ಕಡಿಮೆಯಾಗುತ್ತವೆ. ನಿಜವಾಗಿ ಗಾಬರಿಪಡಬೇಕಾದ್ದು ಅದಕ್ಕೆ.

2014ರ ಸೆಪ್ಟೆಂಬರ್ 1ರಿಂದ ಈಚೆಗೆ ಮೊದಲ ಸಲ ಪಿಎಫ್‌ಗೆ ಸೇರಿದ್ದು, ಸೇರಿದಾಗಲೇ ಬೇಸಿಕ್ ಮತ್ತು ಡಿಎ 15,000ಕ್ಕಿಂತ ಜಾಸ್ತಿ ಇದ್ದರೆ ನೀವು ಈ ಪೆನ್ಷನ್‌ನಲ್ಲಿ ಇಲ್ಲ. ಕಂಪನಿಯ ಶೇಕಡಾ 12 ಪೂರ್ತಿ ಪಿಎಫ್‌ಗೇ ಬೀಳಬೇಕು. ಹಿಂಜವಡಿಯ ಐಟಿಯವರಲ್ಲಿ ಬಹಳ ಮಂದಿ ಹೀಗೆ. ಅವರಿಗೆ ಹತ್ತು ವರ್ಷದ ತಲೆನೋವೇ ಇಲ್ಲ. ಬಸವರಾಜ ಸೇರಿದ್ದು 14,500ಕ್ಕೆ, ಹಾಗಾಗಿ ಅವನು ಒಳಗಿದ್ದಾನೆ. ಆಮೇಲೆ ಪಗಾರ ಏರಿದ್ದರಿಂದ ಹೊರಗೆ ಹೋಗುವುದಿಲ್ಲ.

ಗ್ರಾಚ್ಯುಟಿ: ಐದು ವರ್ಷ ನಿಜವಾಗಿ ಬೇಕಾಗುವುದು ಇಲ್ಲಿ

ಪಿಎಫ್‌ನಲ್ಲಿ ಕಂಪನಿ ತಿಂಗಳು ತಿಂಗಳು ನಿಮ್ಮ ಹೆಸರಿಗೆ ದುಡ್ಡು ಹಾಕುತ್ತದೆ. ಗ್ರಾಚ್ಯುಟಿಯಲ್ಲಿ ಹಾಗಲ್ಲ. ಸಿಟಿಸಿಯಲ್ಲಿ ತಿಂಗಳಿಗೆ 1,250 ಅಂತ ಬರೆದಿದ್ದರೂ ಆ ದುಡ್ಡು ನಿಮ್ಮ ಹೆಸರಲ್ಲಿ ಎಲ್ಲೂ ಕೂತಿರುವುದಿಲ್ಲ. ಮುಂದೆ ಕೊಡಬೇಕಾಗಬಹುದು ಅಂತ ಕಂಪನಿ ತನ್ನ ಲೆಕ್ಕದಲ್ಲಿ ಎತ್ತಿಟ್ಟುಕೊಳ್ಳುವ ಮೊತ್ತ ಅದು. ಕೆಲವು ಕಂಪನಿಗಳು ಎಲ್‌ಐಸಿಯಂಥ ಕಡೆ ಒಟ್ಟಾರೆ ಗುಂಪು ನಿಧಿ ಮಾಡಿರುತ್ತವೆ. ಐದು ವರ್ಷ ತುಂಬದೆ ನೀವು ಹೋದರೆ ನಿಮಗೆ ಬರುವುದು ಸೊನ್ನೆ. ಎತ್ತಿಟ್ಟ ದುಡ್ಡು ಕಂಪನಿಯ ಲೆಕ್ಕಕ್ಕೇ ಮರಳುತ್ತದೆ, ಇಲ್ಲವೇ ಅದೇ ನಿಧಿಯಲ್ಲಿ ಉಳಿದು ಮುಂದಿನ ವರ್ಷ ಕಂಪನಿ ಕಟ್ಟಬೇಕಾದ್ದು ಅಷ್ಟು ಕಡಿಮೆಯಾಗುತ್ತದೆ. ಕೈಗೆ ಬರುತ್ತದೋ ಇಲ್ಲವೋ ಗೊತ್ತಿಲ್ಲದ ಮೊತ್ತವನ್ನು ಪ್ಯಾಕೇಜ್‌ನಲ್ಲಿ ಸೇರಿಸಿ ತೋರಿಸುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಎಲ್ಲರೂ ಮಾಡುತ್ತಾರೆ.

ಸೂತ್ರ ಸುಲಭ. ಕೊನೆಯ ಬೇಸಿಕ್ ಮತ್ತು ಡಿಎಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ. ಅದು ಒಂದು ವರ್ಷದ ಗ್ರಾಚ್ಯುಟಿ. ಬಸವರಾಜನ 26,000ಕ್ಕೆ ಸರಿಯಾಗಿ 15,000 ಆಗುತ್ತದೆ. ಐದು ವರ್ಷಕ್ಕೆ 75,000. ಗಮನಿಸಿ, ಸೇರಿದಾಗಿನ 14,500 ಇಲ್ಲಿ ಲೆಕ್ಕಕ್ಕೇ ಇಲ್ಲ. ಎಲ್ಲ ವರ್ಷಗಳಿಗೂ ಕೊನೆಯ ಪಗಾರವೇ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಇನ್ನೊಂದು ಮಾತು ಸೇರಿದೆ. ಭತ್ಯೆಗಳು ಒಟ್ಟು ಪಗಾರದ ಅರ್ಧ ದಾಟಿದರೆ, ದಾಟಿದ ಭಾಗವನ್ನೂ ಬೇಸಿಕ್ ಜೊತೆ ಸೇರಿಸಿಯೇ ಲೆಕ್ಕ ಹಾಕಬೇಕು. ಬಸವರಾಜನಿಗೆ 48,000ದಲ್ಲಿ 26,000 ಬೇಸಿಕ್ ಇದೆ, ಅರ್ಧಕ್ಕಿಂತ ಜಾಸ್ತಿ. ಅವನಿಗೆ ವ್ಯತ್ಯಾಸವಾಗುವುದಿಲ್ಲ. ಬೇಸಿಕ್ ಚಿಕ್ಕದಾಗಿ, ಭತ್ಯೆ ದೊಡ್ಡದಾಗಿ ಇಟ್ಟಿರುವ ಕಡೆ ಇದರಿಂದ ಲಾಭ ಇದೆ.

ಈಗ ಕ್ಯಾಂಟೀನ್‌ನಲ್ಲಿ ಓಡಾಡುವ ಒಂದು ತಪ್ಪು ಮಾತು. "ಆರು ತಿಂಗಳ ಮೇಲೆ ಆದರೆ ಪೂರ್ತಿ ವರ್ಷ ಹಿಡಿತಾರೆ, ಹಾಗಾಗಿ ನಾಲ್ಕು ವರ್ಷ ಏಳು ತಿಂಗಳು ಅಂದರೆ ಐದು." ಅಲ್ಲ. ಆರು ತಿಂಗಳ ಆ ನಿಯಮ ಇರುವುದು ಮೊತ್ತ ಲೆಕ್ಕ ಹಾಕಲು. ಗ್ರಾಚ್ಯುಟಿಗೆ ಅರ್ಹತೆ ಬಂದ ಮೇಲೆ, ಐದು ವರ್ಷ ಏಳು ತಿಂಗಳು ಆಗಿದ್ದರೆ ಆರು ವರ್ಷಕ್ಕೆ ಕೊಡುತ್ತಾರೆ. ಅರ್ಹತೆ ಬರಲು ಅದೇ ನಿಯಮವನ್ನು ಬಳಸುವ ಹಾಗಿಲ್ಲ. ಪೆನ್ಷನ್‌ನಲ್ಲಿ ಒಂಬತ್ತೂವರೆ ಹತ್ತಾಗುತ್ತದೆ, ಇಲ್ಲಿ ನಾಲ್ಕೂವರೆ ಐದಾಗುವುದಿಲ್ಲ.

ಆದರೆ ಐದನೇ ವರ್ಷಕ್ಕೆ ಬೇರೆ ಒಂದು ಸಣ್ಣ ಬಾಗಿಲು ಇದೆ. ವರ್ಷವೊಂದರಲ್ಲಿ 240 ದಿನ ದುಡಿದಿದ್ದರೆ ಆ ವರ್ಷ ಪೂರ್ತಿ ಸತತ ಸೇವೆ ಮಾಡಿದಂತೆ ಅಂತ ಕಾನೂನು ಹೇಳುತ್ತದೆ. ವಾರಕ್ಕೆ ಆರು ದಿನಕ್ಕಿಂತ ಕಡಿಮೆ ನಡೆಯುವ ಕಡೆಗಳಲ್ಲಿ 190 ದಿನ ಸಾಕು. ಇದನ್ನೇ ಹಿಡಿದು ಮದ್ರಾಸ್ ಹೈಕೋರ್ಟ್ ಮೆಟ್ಟೂರ್ ಬಿಯರ್ಡ್‌ಸೆಲ್ ಪ್ರಕರಣದಲ್ಲಿ, ನಾಲ್ಕು ವರ್ಷದ ಮೇಲೆ ಐದನೇ ವರ್ಷದಲ್ಲಿ 240 ದಿನ ಆಗಿದ್ದರೆ ಗ್ರಾಚ್ಯುಟಿ ಕೊಡಬೇಕು ಅಂದಿತು. ಕೆಲವು ಕಂಪನಿಗಳು ಇದನ್ನು ಒಪ್ಪಿ ಕೊಡುತ್ತವೆ. ಕೆಲವು "ನಮಗೆ ಐದು ಅಂದರೆ ಐದೇ" ಅನ್ನುತ್ತವೆ. ಆಗ ನೀವು ಕಾರ್ಮಿಕ ಇಲಾಖೆಯ ಮುಂದೆ ವಾದ ಮಾಡಬೇಕಾಗುತ್ತದೆ. ಬಾಗಿಲು ಇದೆ, ಆದರೆ ತಾನಾಗಿ ತೆರೆಯುವುದಿಲ್ಲ.

ಬಸವರಾಜನ ಐದನೇ ವರ್ಷ ಶುರುವಾದದ್ದು 2025ರ ಜೂನ್ 1ಕ್ಕೆ. ಅವನ ಕಾರ್ಖಾನೆ ವಾರಕ್ಕೆ ಆರು ದಿನ ನಡೆಯುತ್ತದೆ, ಹಾಗಾಗಿ 240 ಬೇಕು. ಡಿಸೆಂಬರ್ 31ಕ್ಕೆ ಬಿಟ್ಟರೆ ಕ್ಯಾಲೆಂಡರ್‌ನ ಎಲ್ಲ ದಿನ ಎಣಿಸಿದರೂ 214 ದಿನ ಮಾತ್ರ. ಯಾರು ಎಷ್ಟೇ ವಾದ ಮಾಡಿದರೂ ಗ್ರಾಚ್ಯುಟಿ ಇಲ್ಲ. ಜನವರಿ 26ಕ್ಕೆ ಕ್ಯಾಲೆಂಡರ್ ಲೆಕ್ಕದಲ್ಲಿ 240 ಆಗುತ್ತದೆ. ಆದರೆ ಅಲ್ಲಿಗೆ ನಿಲ್ಲುವುದು ಅಪಾಯ. ಪಗಾರ ಸಿಗುವ ರಜೆ ಲೆಕ್ಕಕ್ಕೆ ಸೇರುತ್ತದೆ. ಹೇಳದೆ ಕೇಳದೆ ತಪ್ಪಿಸಿದ ದಿನಗಳು ಸೇರುವುದಿಲ್ಲ. ಊರ ಜಾತ್ರೆಗೆ ಹೋಗಿ ನಾಲ್ಕು ದಿನ ಜಾಸ್ತಿ ಉಳಿದು ಪಗಾರ ಕಡಿತವಾಗಿದ್ದರೆ ಆ ನಾಲ್ಕು ದಿನ ಹೋಯಿತು. ವಾರದ ರಜೆಯನ್ನೂ ಸೇರಿಸಬೇಕೋ ಬೇಡವೋ ಅಂತ ಕಂಪನಿ ತಕರಾರು ತೆಗೆಯಬಹುದು. ಬರೀ ಹಾಜರಿ ದಿನಗಳನ್ನೇ ಎಣಿಸಿದರೆ 240 ಮುಟ್ಟಲು ಮಾರ್ಚ್ ಮುಗಿಯುತ್ತದೆ. 2026ರ ಮೇ 31ರವರೆಗೆ ಇದ್ದುಬಿಟ್ಟರೆ ಯಾರೂ ಕೇಳುವ ಹಾಗಿಲ್ಲ, 75,000 ಅವನದು. ಪಗಾರ ಅಷ್ಟೇ ಇದ್ದು ಇನ್ನೂ ಆರು ತಿಂಗಳು ದಾಟಿಸಿ ಡಿಸೆಂಬರ್‌ನಲ್ಲಿ ಬಿಟ್ಟರೆ 90,000.

ಇಲ್ಲಿ ಹೊಸ ಕಂಪನಿಯ ಆಫರ್ ಜೊತೆ ತೂಗಿ ನೋಡಬೇಕು. ಹೊಸ ಕಡೆ ತಿಂಗಳಿಗೆ 8,000 ಜಾಸ್ತಿ ಕೊಡುತ್ತಾರೆ ಅಂದುಕೊಳ್ಳಿ. ಐದು ತಿಂಗಳು ಕಾದರೆ 40,000 ಬಿಟ್ಟಂತೆ, 75,000 ಬಂದಂತೆ. ಕಾಯುವುದೇ ಲಾಭ. 20,000 ಜಾಸ್ತಿ ಅಂದರೆ ಲೆಕ್ಕ ಉಲ್ಟಾ. "ಗ್ರಾಚ್ಯುಟಿ ಬಿಡಬೇಡ" ಅಂತ ಎಲ್ಲರಿಗೂ ಒಂದೇ ಸಲಹೆ ಕೊಡುವುದು ತಪ್ಪು ಅಂತ ನನಗನಿಸುವುದು ಇದಕ್ಕೇ. ಮಧ್ಯದ ದಾರಿಯೂ ಇದೆ. ಹೋಗುವ ಗ್ರಾಚ್ಯುಟಿಯ ಬದಲಿಗೆ ಜಾಯಿನಿಂಗ್ ಬೋನಸ್ ಕೇಳಬಹುದು. ಹೊಸ ಕಂಪನಿಗೆ ಆಳು ಬೇಗ ಬೇಕಿದ್ದರೆ ಕೊಡುತ್ತಾರೆ. ಆದರೆ ಬೋನಸ್‌ಗೆ ತೆರಿಗೆ ಇದೆ, ಒಂದು ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕು ಅನ್ನುವ ಷರತ್ತು ಇರಬಹುದು. ಓದಿ ಸಹಿ ಮಾಡಿ.

ನೋಟಿಸ್ ಅವಧಿಯೂ ಸೇವೆಯೇ. ಎರಡು ತಿಂಗಳ ನೋಟಿಸ್ ಇದ್ದರೆ ಐದು ವರ್ಷ ತುಂಬಲು ಎರಡು ತಿಂಗಳು ಇರುವಾಗ ರಾಜೀನಾಮೆ ಕೊಟ್ಟರೂ ನಡೆಯುತ್ತದೆ, ಕೊನೆಯ ದಿನ ಐದು ವರ್ಷದ ಆಚೆಗೆ ಬಿದ್ದರೆ ಸಾಕು. ಎಡವಟ್ಟಾಗುವುದು ನೋಟಿಸ್ ಬೈಔಟ್‌ನಲ್ಲಿ. ಹೊಸ ಕಂಪನಿ "ನಿನ್ನ ನೋಟಿಸ್ ದುಡ್ಡು ನಾವು ಕಟ್ಟುತ್ತೇವೆ, ನಾಳೆಯೇ ಬಾ" ಅಂದರೆ ಖುಷಿಯಾಗುತ್ತದೆ. ಆದರೆ ಕೊನೆಯ ದಿನ ಎರಡು ತಿಂಗಳು ಹಿಂದಕ್ಕೆ ಬಂತು, ಗ್ರಾಚ್ಯುಟಿ ಹೋಯಿತು.

ಸೇವೆ ಎಂದಿನಿಂದ ಶುರು ಅನ್ನುವುದನ್ನೂ ನೋಡಿಕೊಳ್ಳಿ. ಐಟಿಐ ಮುಗಿಸಿ ಬಂದವರು ಮೊದಲ ವರ್ಷ ಅಪ್ರೆಂಟಿಸ್ ಆಗಿರುತ್ತಾರೆ. ಆ ವರ್ಷ ಗ್ರಾಚ್ಯುಟಿಯ ಲೆಕ್ಕಕ್ಕೆ ಬರುವುದಿಲ್ಲ. ಅದೇ ಗೇಟು, ಅದೇ ಮಷಿನ್ ಇದ್ದರೂ ಎಣಿಕೆ ನೇಮಕಾತಿ ಪತ್ರದ ದಿನದಿಂದ. ನಿಗದಿತ ಅವಧಿಗೆ ಅಂತ ಕಂಪನಿಯೇ ಒಪ್ಪಂದ ಮಾಡಿಕೊಂಡು ತೆಗೆದುಕೊಂಡಿದ್ದರೆ ಮಾತ್ರ ಸಿಹಿ ಸುದ್ದಿ. ಹೊಸ ಸಂಹಿತೆಯಲ್ಲಿ ಅವರಿಗೆ ಒಂದು ವರ್ಷ ತುಂಬಿದರೆ ಗ್ರಾಚ್ಯುಟಿ ಇದೆ. ಕಾಯಂ ನೌಕರರಿಗೆ ಐದು ವರ್ಷ ಹಾಗೇ ಉಳಿದಿದೆ. ವಾಟ್ಸಾಪ್‌ನಲ್ಲಿ ಬಂದ "ಎಲ್ಲರಿಗೂ ಒಂದೇ ವರ್ಷ" ಅನ್ನುವ ಸಂದೇಶ ನಂಬಿ ರಾಜೀನಾಮೆ ಕೊಡಬೇಡಿ. ಇನ್ನು ನೌಕರ ತೀರಿಕೊಂಡರೆ ಅಥವಾ ಕೆಲಸ ಮಾಡಲಾಗದಂತೆ ಅಂಗವಿಕಲನಾದರೆ ಐದು ವರ್ಷದ ಷರತ್ತು ಯಾರಿಗೂ ಇಲ್ಲ.

ಕಂಪನಿಯೇ ನಿಯಮ ಬರೆಯುವ ಕಡೆ

ಮೇಲಿನ ಮೂರರಲ್ಲೂ ವರ್ಷಗಳನ್ನು ನಿಗದಿ ಮಾಡಿದ್ದು ಕಾನೂನು. ದೊಡ್ಡ ಕಂಪನಿಗಳ ಮೇಲ್ದರ್ಜೆಯ ನೌಕರರಿಗೆ ಸೂಪರ್‌ಆನ್ಯುಯೇಷನ್ ಅನ್ನುವ ಇನ್ನೊಂದು ಸಾಲು ಇರುತ್ತದೆ, ನಿವೃತ್ತಿಗೆ ಅಂತ ಕೂಡಿಡುವ ದುಡ್ಡು ಅದು. ಬೇಸಿಕ್‌ನ ಶೇಕಡಾ 15ರವರೆಗೂ ಕಂಪನಿ ಒಂದು ಟ್ರಸ್ಟಿಗೆ ಹಾಕುತ್ತದೆ. ಇಲ್ಲಿ ಎಷ್ಟು ವರ್ಷ ಇದ್ದರೆ ಕಂಪನಿ ದುಡ್ಡು ನಿಮ್ಮದಾಗುತ್ತದೆ ಅನ್ನುವುದನ್ನು ಆ ಟ್ರಸ್ಟಿನ ನಿಯಮವೇ ಹೇಳುತ್ತದೆ. ಇದನ್ನು ವೆಸ್ಟಿಂಗ್ ಅನ್ನುತ್ತಾರೆ. ಕೆಲವು ಕಡೆ ಮೊದಲ ದಿನದಿಂದಲೇ, ಕೆಲವು ಕಡೆ ಐದು ವರ್ಷದ ಮೇಲೆ. ಅದಕ್ಕೂ ಮೊದಲೇ ಬಿಟ್ಟರೆ ದುಡ್ಡು ಟ್ರಸ್ಟಿನಲ್ಲೇ ಉಳಿದು ಬೇರೆಯವರ ಕಂತಿಗೆ ಹೋಗುತ್ತದೆ. ಸಂಬಳದ ಕಾಗದ ನೋಡಿ ಇದು ಗೊತ್ತಾಗುವುದಿಲ್ಲ. ಎಚ್‌ಆರ್‌ಗೆ ಮೇಲ್ ಬರೆದು ಟ್ರಸ್ಟಿನ ನಿಯಮಗಳ ಪ್ರತಿ ಕೇಳಿ. ಅದರಲ್ಲಿ ಕೆಲಸ ಬಿಟ್ಟವರ ಬಗ್ಗೆ ಇರುವ ಭಾಗ ಓದಿ. ರಾಜೀನಾಮೆ ಕೊಟ್ಟ ಮೇಲೆ ಕೇಳಿದರೆ ಸುಮ್ನೆ ಸತಾಯಿಸುತ್ತಾರೆ, ಮೊದಲೇ ಕೇಳಿ.

ಬಿಡುವ ದಿನ ಹತ್ತಿರ ಬಂದಾಗ ನೋಡಬೇಕಾದದ್ದು ಜಾಸ್ತಿ ಇಲ್ಲ. ಪ್ರತಿ ತಿಂಗಳ ಪಿಎಫ್ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು ಅನ್ನುವುದು ನಿಯಮ. ಪಗಾರ ಸ್ಲಿಪ್‌ನಲ್ಲಿ ಮುರಿದದ್ದು ಪಾಸ್‌ಬುಕ್‌ನಲ್ಲಿ ಬಿದ್ದಿದೆಯಾ ಅಂತ ತಿಂಗಳು ತಿಂಗಳು ತಾಳೆ ನೋಡಿ. ಮುರಿದು ಕಟ್ಟದ ಕಂಪನಿಗಳು ಇವೆ. ನೀವು ಕೆಲಸದಲ್ಲಿ ಇರುವಾಗ ಅದನ್ನು ಸರಿಪಡಿಸುವುದು ಸುಲಭ. ಗ್ರಾಚ್ಯುಟಿ ಸಿಗುವವರು ಫುಲ್ ಅಂಡ್ ಫೈನಲ್‌ನಲ್ಲಿ ತಾನಾಗಿ ಬರುತ್ತದೆ ಅಂತ ಕೂರದೆ ಬರಹದಲ್ಲಿ ಅರ್ಜಿ ಕೊಡಬೇಕು, ಕೊಟ್ಟದ್ದಕ್ಕೆ ಸ್ವೀಕೃತಿ ಇಟ್ಟುಕೊಳ್ಳಬೇಕು. ಕೊಡಬೇಕಾದ ದಿನದಿಂದ 30 ದಿನದೊಳಗೆ ಕಂಪನಿ ಹಣ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ನೋಟಿಸ್ ಪೂರ್ತಿ ಮಾಡಲಿಲ್ಲ ಅನ್ನುವುದು ಗ್ರಾಚ್ಯುಟಿ ತಡೆಯಲು ಕಾರಣವೇ ಅಲ್ಲ. ಹಿಂಸಾಚಾರ, ನೈತಿಕ ಅಪರಾಧ, ಬೇಕಂತಲೇ ಮಾಡಿದ ಹಾನಿಯಂಥ ಕಾರಣಕ್ಕೆ ಕೆಲಸದಿಂದ ವಜಾ ಆದವರದನ್ನು ಮಾತ್ರ ಹಿಡಿಯಬಹುದು. ಹಾನಿಯ ವಿಷಯದಲ್ಲಂತೂ ಆದ ನಷ್ಟದಷ್ಟನ್ನೇ ಹಿಡಿಯಬೇಕು, ಪೂರ್ತಿಯಲ್ಲ.